ಸಂದರ್ಭದಿಂದ ಪಾರಿಭಾಷಿಕ ಪದಗಳ ಅರ್ಥ ಹಿಡಿಯುವುದು: ಒಂದು ಜೀವಶಾಸ್ತ್ರ ಪಾಠದ ಅನುಭವ

ಪ್ರಶ್ನೆ: ನನ್ನ ತಂಗಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕುಮಟಾದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಾಳೆ. ಜೀವಶಾಸ್ತ್ರದ ಒಂದೊಂದು ಪುಟಕ್ಕೂ ಇಪ್ಪತ್ತು ಸಲ ನಿಘಂಟು ತೆರೆಯುತ್ತಾಳೆ, ಆದರೂ ಪಾಠ ತಲೆಗೆ ಹತ್ತುವುದಿಲ್ಲ. ಸಂದರ್ಭ ನೋಡಿಯೇ ಅರ್ಥ ಊಹಿಸುವುದನ್ನು ಅವಳಿಗೆ ಹೇಗೆ ಕಲಿಸಲಿ?

ನಾನು ಶಿರಸಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಕಳೆದ ವರ್ಷ ಅಂಕೋಲಾ ಕಡೆಯಿಂದ ಬಂದು ನೆಂಟರ ಮನೆಯಲ್ಲಿದ್ದು ಓದುತ್ತಿದ್ದ ಒಬ್ಬ ಹುಡುಗಿ ಇದೇ ತೊಂದರೆಯನ್ನು ಹೊತ್ತು ನನ್ನಲ್ಲಿಗೆ ಬಂದಿದ್ದಳು. ಅವಳೊಂದಿಗೆ ಅಭಿಸರಣೆಯ, ಅಂದರೆ ಕೋಶದ ಪೊರೆಯನ್ನು ನೀರು ದಾಟುವ ಬಗೆಯ, ಪಾಠವನ್ನು ಬಿಡಿಸಿದ ರೀತಿಯನ್ನೇ ಹೇಳುತ್ತೇನೆ.

ಮೊದಲು ಅವಳ ಕೈಗೆ ಪೆನ್ಸಿಲ್ ಕೊಟ್ಟು, ಪಾಠದ ಯಾವುದಾದರೂ ಪುಟದಲ್ಲಿ ನೂರು ಪದಗಳಷ್ಟನ್ನು ಓದಿ ಗೊತ್ತಿಲ್ಲದ ಪದಗಳ ಕೆಳಗೆ ಗೆರೆ ಎಳೆಯುವಂತೆ ಹೇಳಿದೆ. ಈ ಎಣಿಕೆ ಬೇಕೇ ಬೇಕು. ಗೊತ್ತಿಲ್ಲದ ಪದದ ಅರ್ಥವನ್ನು ಸುತ್ತಲಿನ ಪದಗಳು ಹೇಳಬೇಕಾದರೆ ಆ ಸುತ್ತಲಿನ ಪದಗಳಾದರೂ ಗೊತ್ತಿರಬೇಕು. ಯಾರ ನೆರವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ನೂರಕ್ಕೆ ಸುಮಾರು 98 ಪದಗಳು ತಿಳಿದಿರಬೇಕೆಂಬುದು ನ್ಯೂಜಿಲೆಂಡಿನ ಭಾಷಾವಿದ್ವಾಂಸ ಪಾಲ್ ನೇಷನ್ ಮತ್ತು ಅವರ ಸಂಗಡಿಗರ ಅಧ್ಯಯನದಿಂದ ತಿಳಿದುಬಂದ ಸಂಗತಿ. ನಮ್ಮ ಹುಡುಗಿ ಹದಿನಾಲ್ಕು ಗೆರೆ ಎಳೆದಳು. ಹಾಗಿರುವಾಗ ಊಹಿಸು ಎಂದು ಕೂಡಿಸಿದರೆ ಅದು ಕತ್ತಲೆಯಲ್ಲಿ ಸೂಜಿ ಹುಡುಕಿಸಿದಂತೆ.

ಆದ್ದರಿಂದ ಮೊದಲ ದಿನ ಇಂಗ್ಲಿಷ್ ಪುಸ್ತಕವನ್ನು ಮುಚ್ಚಿಟ್ಟು, ಅವಳು ಒಂಬತ್ತನೆಯ ತರಗತಿಯಲ್ಲಿ ಓದಿದ್ದ ಕನ್ನಡದ ವಿಜ್ಞಾನ ಪುಸ್ತಕವನ್ನು ತರಿಸಿದೆ. ದ್ರಾವಣ, ದ್ರಾವ್ಯ, ಕೋಶಪೊರೆ, ಕೋಶಭಿತ್ತಿ, ಅಭಿಸರಣೆ ಎಲ್ಲವೂ ಅದರಲ್ಲಿದ್ದವು, ಅವಳಿಗೆ ಬರುತ್ತಿದ್ದವು ಕೂಡ. ಅಂದರೆ ಅವಳಿಗೆ ಕೊರತೆಯಿದ್ದದ್ದು ವಿಷಯದ್ದಲ್ಲ, ಹೆಸರುಗಳದ್ದು. ಒಂದು ಗಂಟೆ ಆ ನಾಲ್ಕು ಪುಟಗಳನ್ನು ಓದಿ ಮರುದಿನ ಇಂಗ್ಲಿಷ್ ಪುಟಕ್ಕೆ ಮರಳಿದಾಗ ಗೆರೆಗಳು ಹದಿನಾಲ್ಕರಿಂದ ಎಂಟಕ್ಕೆ ಇಳಿದವು. ನಿಮ್ಮ ತಂಗಿಯ ಹಳೆಯ ಪುಸ್ತಕಗಳನ್ನು ಯಾರಿಗೂ ಕೊಟ್ಟುಬಿಟ್ಟಿಲ್ಲವಾದರೆ ಅವನ್ನು ಮೇಜಿನ ಮೇಲೆಯೇ ಇಡಿ.

ಉಳಿದ ಎಂಟರಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದವು ಮೂರೇ. ಇಲ್ಲಿ ಹಿರಿಯರು ಸಾಮಾನ್ಯವಾಗಿ ಎಡವುತ್ತಾರೆ. ಮಕ್ಕಳನ್ನು ಕಾಡುವುದು ಉದ್ದುದ್ದ ಗ್ರೀಕ್ ಪದಗಳೆಂದು ತಿಳಿದು ಅವುಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುತ್ತಾರೆ. ಆದರೆ ಆ ಪದಗಳನ್ನು ಪಠ್ಯಪುಸ್ತಕವೇ ಕೈಹಿಡಿದು ಪರಿಚಯಿಸುತ್ತದೆ, ಏಕೆಂದರೆ ಅವು ಯಾರಿಗೂ ಗೊತ್ತಿಲ್ಲವೆಂದು ಬರೆದವರಿಗೆ ತಿಳಿದಿರುತ್ತದೆ. ಯಾರೂ ಪರಿಚಯಿಸದೆ ಬಿಡುವುದು ಚಿಕ್ಕ ಪದಗಳನ್ನು. ಆ ಪುಟದಲ್ಲಿ ‘ನೆಟ್’ ಎಂಬ ಪದವಿತ್ತು. ಐಸೋಟಾನಿಕ್, ಅಂದರೆ ಕೋಶದ ಒಳಗಿನಷ್ಟೇ ಸಾಂದ್ರವಾದ, ದ್ರಾವಣದಲ್ಲಿ ನೀರಿನ ‘ನೆಟ್’ ಚಲನೆ ಇರುವುದಿಲ್ಲ ಎಂಬ ವಾಕ್ಯ. ಕಡಲ ತೀರದ ಹುಡುಗಿಗೆ ನೆಟ್ ಎಂದರೆ ಬಲೆ, ಆದ್ದರಿಂದ ಅದು ಗೊತ್ತಿರುವ ಪದವೆಂದು ಅವಳು ಗೆರೆಯನ್ನೇ ಎಳೆದಿರಲಿಲ್ಲ. ನಾನು ವಾಕ್ಯವನ್ನು ಕನ್ನಡದಲ್ಲಿ ಹೇಳು ಎಂದಾಗ ಮಾತ್ರ ತಡವರಿಸಿ ನಿಂತಳು. ಅಡುಗೆಮನೆಯಿಂದ ಚಹಾಪುಡಿಯ ಪೊಟ್ಟಣ ತಂದು ‘ನಿವ್ವಳ ತೂಕ’ ಎಂಬುದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಏನಿದೆ ಎಂದು ತೋರಿಸಿದೆ. ನಿವ್ವಳ ಎಂದರೆ ಕಳೆದು ಉಳಿದದ್ದು. ಹೊರಕ್ಕೆ ಹೋದ ನೀರನ್ನು ಒಳಕ್ಕೆ ಬಂದ ನೀರಿನಿಂದ ಕಳೆದರೆ ಏನೂ ಉಳಿಯುವುದಿಲ್ಲ. ಹಾಗೆಂದು ನೀರು ನಿಂತಿಲ್ಲ, ಎರಡೂ ಕಡೆಗೆ ಸಮಸಮವಾಗಿ ಹರಿಯುತ್ತಲೇ ಇದೆ. ಆ ಮೂರಕ್ಷರದ ಪದ ತಪ್ಪಿದ್ದರೆ ನೀರು ಅಲುಗುವುದೇ ಇಲ್ಲವೆಂದು ಅವಳು ಪರೀಕ್ಷೆಯಲ್ಲಿ ಬರೆಯುತ್ತಿದ್ದಳು. ‘ಸೊಲ್ಯೂಷನ್’ ಎಂಬುದನ್ನು ಪರಿಹಾರವೆಂದೂ ‘ಮೀಡಿಯಮ್’ ಎಂಬುದನ್ನು ಕನ್ನಡ ಮಾಧ್ಯಮದ ಮಾಧ್ಯಮವೆಂದೂ ಓದುವ ಅಪಾಯ ಇದೇ ಜಾತಿಯದು. ಆದ್ದರಿಂದ ಗೆರೆ ಎಳೆಯುವಾಗ ಗೊತ್ತಿಲ್ಲದ ಪದಗಳ ಜೊತೆಗೆ, ಗೊತ್ತಿದ್ದರೂ ವಾಕ್ಯದಲ್ಲಿ ಕೂಡದ ಪದಗಳಿಗೂ ಗೆರೆ ಎಳೆಯಬೇಕೆಂದು ನಿಮ್ಮ ತಂಗಿಗೆ ಹೇಳಿ.

ಈಗ ಊಹೆಯ ಕ್ರಮ. 1980ರಲ್ಲಿ ಕ್ಲಾರ್ಕ್ ಮತ್ತು ನೇಷನ್ ವಿವರಿಸಿದ ದಾರಿಯನ್ನೇ ನಾನು ನಮ್ಮ ಮಕ್ಕಳಿಗೆ ಹೊಂದಿಸಿಕೊಂಡಿದ್ದೇನೆ: ಪದ ಹೆಸರೋ, ಕ್ರಿಯೆಯೋ, ಗುಣವಾಚಕವೋ ಎಂದು ನೋಡುವುದು, ಅದೇ ವಾಕ್ಯದಲ್ಲಿ ಯಾರು ಏನು ಮಾಡಿದರೆಂದು ನೋಡುವುದು, ಹಿಂದಿನ ಮುಂದಿನ ವಾಕ್ಯಗಳೊಂದಿಗೆ ಅದರ ಸಂಬಂಧವೇನೆಂದು ನೋಡುವುದು, ಆಮೇಲೆ ಊಹಿಸುವುದು, ಕೊನೆಗೆ ಊಹೆಯನ್ನು ಪರೀಕ್ಷಿಸುವುದು. ಪದವನ್ನು ತುಂಡರಿಸಿ ನೋಡುವುದು ಕೊನೆಯ ಹೆಜ್ಜೆಯಲ್ಲಿ ಬರುತ್ತದೆ, ಮೊದಲಿನಲ್ಲಿ ಅಲ್ಲ. ಯಾಕೆಂಬುದು ಕೆಳಗಿನ ಉದಾಹರಣೆಯಲ್ಲಿ ಕಾಣುತ್ತದೆ.

ಪಾಠದಲ್ಲಿದ್ದ ಮಾತಿನ ಸಾರ, ಪಾರಿಭಾಷಿಕ ಪದಗಳನ್ನು ಹಾಗೆಯೇ ಬಿಟ್ಟು ಹೇಳಿದರೆ, ಹೀಗಿತ್ತು. ಸಸ್ಯಕೋಶವನ್ನು ಹೈಪರ್‌ಟಾನಿಕ್ ದ್ರಾವಣದಲ್ಲಿ ಇಟ್ಟರೆ ನೀರು ಹೊರಕ್ಕೆ ಹೋಗಿ, ಪ್ರೋಟೋಪ್ಲಾಸಮ್ ಕುಗ್ಗಿ, ಕೋಶಪೊರೆ ಭಿತ್ತಿಯಿಂದ ಬಿಟ್ಟುಕೊಳ್ಳುತ್ತದೆ. ಇದಕ್ಕೆ ಪ್ಲಾಸ್ಮಾಲಿಸಿಸ್ ಎಂದು ಹೆಸರು. ಹೈಪೋಟಾನಿಕ್ ದ್ರಾವಣದಲ್ಲಾದರೋ ನೀರು ಒಳಕ್ಕೆ ಬಂದು ಕೋಶ ಟರ್ಜಿಡ್ ಆಗುತ್ತದೆ. ಒಳಬರುವ ನೀರೂ ಹೊರಹೋಗುವ ನೀರೂ ಸಮವಾಗಿದ್ದರೆ ಕೋಶ ಫ್ಲಾಸಿಡ್ ಆಗಿರುತ್ತದೆ.

ಹುಡುಗಿ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪ್ಲಾಸ್ಮಾಲಿಸಿಸ್ ಎಂಬುದನ್ನು ಕಂಡೊಡನೆ ತುಂಡರಿಸಿದಳು. ‘ಲಿಸಿಸ್’ ಎಂದರೆ ಒಡೆಯುವುದು ಎಂದು ಎಲ್ಲೋ ಕೇಳಿದ್ದಳು, ಆದ್ದರಿಂದ ಕೋಶ ನೀರು ಕುಡಿದು ಒಡೆಯುವುದೇ ಪ್ಲಾಸ್ಮಾಲಿಸಿಸ್ ಎಂದಳು. ಕೆಂಪು ರಕ್ತಕಣ ಹೈಪೋಟಾನಿಕ್ ದ್ರಾವಣದಲ್ಲಿ ಉಬ್ಬಿ ಒಡೆಯುವುದಕ್ಕೆ ಹೀಮಾಲಿಸಿಸ್ ಎನ್ನುತ್ತಾರೆ, ಹಾಗಾಗಿ ಅವಳ ತರ್ಕ ಬುದ್ಧಿಯಿಲ್ಲದ್ದೇನೂ ಅಲ್ಲ. ಆದರೆ ಅದು ನಿಜಕ್ಕೆ ಸರಿಯಾಗಿ ತಿರುವುಮುರುವು. ಹೈಪರ್‌ಟಾನಿಕ್ ಎಂಬುದನ್ನೂ ಅವಳು ಔಷಧದ ಬಾಟಲಿಯ ಟಾನಿಕ್ಕಿಗೆ ಜೋಡಿಸಿ ಕೋಶಕ್ಕೆ ಬಲ ಕೊಡುವ ದ್ರಾವಣವೆಂದುಕೊಂಡಿದ್ದಳು. ಪದದ ತುಂಡುಗಳಿಂದ ಆರಂಭಿಸಿದವರು ಆಮೇಲೆ ವಾಕ್ಯವನ್ನೇ ಆ ಊಹೆಗೆ ತಕ್ಕಂತೆ ಬಗ್ಗಿಸಿಕೊಳ್ಳುತ್ತಾರೆ. ನೀರು ಹೊರಕ್ಕೆ ಹೋಗುತ್ತದೆ ಎಂದು ಅಚ್ಚಾಗಿದ್ದರೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಆಗ ಆ ಪದವನ್ನು ಬೆರಳಿನಿಂದ ಮುಚ್ಚಿ ಉಳಿದುದನ್ನು ಓದಿಸಿದೆ. ನೀರು ಎತ್ತ ಹೋಯಿತು, ಏನು ಕುಗ್ಗಿತು, ಯಾವುದು ಯಾವುದರಿಂದ ಬಿಟ್ಟುಕೊಂಡಿತು? ಮೂರಕ್ಕೂ ಉತ್ತರ ವಾಕ್ಯದಲ್ಲೇ ಇತ್ತು. ಮನೆಯಲ್ಲಿ ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕಿದ ಮೇಲೆ ಏನಾಗುತ್ತದೆ ಎಂದು ಕೇಳಿದೆ. ‘ಮಿಡಿ ನೀರು ಬಿಡ್ತು, ಆಮೇಲೆ ಚಿರುಟ್ತು ಸರ್’ ಎಂದಳು. ಬೆರಳು ತೆಗೆದು, ಹಾಗಾದರೆ ಉಪ್ಪುನೀರು ಯಾವ ಟಾನಿಕ್ ಎಂದೆ. ಮುಖ ಅರಳಿತು. ಹೈಪರ್ ಎಂಬುದು ಹೈಪರ್‌ಟೆನ್ಶನ್ನಿನ ಹೈಪರ್, ಅಂದರೆ ಹೆಚ್ಚು. ದ್ರಾವ್ಯ ಹೆಚ್ಚಿರುವ ದ್ರಾವಣ. ಇಲ್ಲಿ ತುಂಡರಿಸುವುದು ಊಹೆಯನ್ನು ಗಟ್ಟಿ ಮಾಡಿತು, ಹುಟ್ಟಿಸಲಿಲ್ಲ. ಲಿಸಿಸ್ ಎಂಬ ಗ್ರೀಕ್ ಮೂಲಕ್ಕೆ ಸಡಿಲವಾಗುವುದು, ಬಿಡುವುದು ಎಂಬ ಅರ್ಥವೂ ಇದೆ. ಇಲ್ಲಿ ಸಡಿಲವಾಗುವುದು ಭಿತ್ತಿಗೂ ಪೊರೆಗೂ ನಡುವಿನ ಹಿಡಿತ ಎಂದು ಹೇಳಿದಾಗ ಅದೂ ಸರಿಹೊಂದಿತು. ಆದರೆ ಉಪ್ಪಿನಕಾಯಿಯ ಹೋಲಿಕೆಗೂ ಒಂದು ಎಲ್ಲೆ ಇದೆಯೆಂದು ಅಂದೇ ಹೇಳಿಬಿಟ್ಟೆ. ಮಿಡಿ ಚಿರುಟುವುದು ನಮ್ಮ ಕಣ್ಣಿಗೆ ಕಾಣುತ್ತದೆ. ಪ್ಲಾಸ್ಮಾಲಿಸಿಸ್ ಎಂಬುದು ಜೀವಂತ ಕೋಶದ ಒಳಗೆ, ಸೂಕ್ಷ್ಮದರ್ಶಕದಲ್ಲಿ ಕಾಣುವ ಬದಲಾವಣೆ.

ಊಹೆಯ ಪರೀಕ್ಷೆ ಹೇಗೆಂಬುದು ಫ್ಲಾಸಿಡ್ ಎಂಬ ಪದದಲ್ಲಿ ತಿಳಿಯಿತು. ಅವಳ ಮೊದಲ ಊಹೆ ‘ಚಿರುಟಿದ’. ಆ ಕನ್ನಡ ಪದವನ್ನು ವಾಕ್ಯದಲ್ಲಿ ಇಟ್ಟು ಓದು ಎಂದೆ: ಒಳಬರುವ ನೀರೂ ಹೊರಹೋಗುವ ನೀರೂ ಸಮವಾಗಿದ್ದರೆ ಕೋಶ ಚಿರುಟಿರುತ್ತದೆ. ನೀರು ಕಡಿಮೆಯಾಗದೆ ಚಿರುಟುವುದೆಂತು ಎಂದು ಅವಳೇ ಕೇಳಿದಳು. ಹಿಂದಿನ ವಾಕ್ಯಕ್ಕೆ ಹೋದೆವು. ಅಲ್ಲಿ ಟರ್ಜಿಡ್ ಎಂದರೆ ನೀರು ತುಂಬಿ ಬಿಗಿದದ್ದು. ಅಷ್ಟು ಬಿಗಿಯೂ ಇಲ್ಲ, ಕುಗ್ಗಿದ್ದೂ ಅಲ್ಲ, ಹಾಗಾದರೆ ‘ಬಿಗಿಯಿಲ್ಲದ, ಮೆತ್ತಗಿನ’ ಎಂಬ ಎರಡನೆಯ ಊಹೆಗೆ ಬಂದಳು. ಅಂಚಿನಲ್ಲಿ ಪೆನ್ಸಿಲಿನಿಂದ ಅದನ್ನು ಬರೆದು ಪ್ರಶ್ನೆಚಿಹ್ನೆ ಹಾಕಿಸಿದೆ. ಪಾಠದಲ್ಲಿ ಆ ಪದ ಎರಡನೆಯ ಸಲ ಬಂದಾಗಲೂ ಪಕ್ಕದ ಚಿತ್ರಕ್ಕೂ ಅದು ಹೊಂದಿದ ಮೇಲೆಯೇ ಪ್ರಶ್ನೆಚಿಹ್ನೆಯನ್ನು ಅಳಿಸಬೇಕೆಂಬುದು ನಮ್ಮ ನಿಯಮ. ಒಂದೇ ವಾಕ್ಯಕ್ಕೆ ಹೊಂದುವ ತಪ್ಪು ಅರ್ಥಗಳು ಬಹಳ. ಎರಡು ಕಡೆ ಹೊಂದುವ ತಪ್ಪು ಅರ್ಥ ಅಪರೂಪ.

ಕನ್ನಡದಲ್ಲಿ ಓದಿ ಬೆಳೆದವರಿಗೆ ವಿಶೇಷವಾಗಿ ತೊಡಕಾಗುವ ಒಂದು ಸಂಗತಿಯನ್ನು ಹೇಳಲೇಬೇಕು. ನಮ್ಮ ಭಾಷೆಯಲ್ಲಿ ವಿವರಣೆ ಹೆಸರಿಗಿಂತ ಮೊದಲು ಬರುತ್ತದೆ: ನೀರನ್ನು ಮಾತ್ರ ಒಳಬಿಡುವ ಪೊರೆ ಎನ್ನುತ್ತೇವೆ. ಇಂಗ್ಲಿಷ್ ಪಠ್ಯದಲ್ಲಿ ಹೆಸರು ಮೊದಲು ಬಂದು, ‘ವಿಚ್’ ಎಂದೋ ‘ದಟ್ ಈಸ್’ ಎಂದೋ ಅಲ್ಪವಿರಾಮದ ನಂತರವೋ ವಿವರಣೆ ಹಿಂದಿನಿಂದ ಬರುವುದು ಹೆಚ್ಚು. ನಮ್ಮ ಮಕ್ಕಳು ಗೊತ್ತಿಲ್ಲದ ಹೆಸರು ಬಂದಲ್ಲೇ ನಿಂತು ನಿಘಂಟಿಗೆ ಕೈಹಾಕುವುದರಿಂದ, ನಾಲ್ಕೇ ಪದಗಳಾಚೆ ಕಾದಿರುವ ಅರ್ಥ ಅವರಿಗೆ ಸಿಗುವುದೇ ಇಲ್ಲ. ಆದ್ದರಿಂದ ಮುಂದಿನ ವಾಕ್ಯದ ಪೂರ್ಣವಿರಾಮ ಮುಟ್ಟುವವರೆಗೆ ನಿಲ್ಲಬಾರದೆಂದು ಅವಳಿಗೆ ಕಟ್ಟುನಿಟ್ಟು ಮಾಡಿದ್ದೆ. ‘ಆರ್’ ಎಂಬ ಪದವೂ ಹಾಗೆಯೇ. ಪ್ಲಾಸ್ಮಾ ಮೆಂಬ್ರೇನ್ ‘ಆರ್’ ಪ್ಲಾಸ್ಮಾಲೆಮ್ಮಾ ಎಂದಿದ್ದರೆ ಅದು ಇದೋ ಅದೋ ಎಂಬ ಆಯ್ಕೆಯಲ್ಲ, ಒಂದೇ ವಸ್ತುವಿನ ಎರಡು ಹೆಸರು. ಅವಳು ಅವನ್ನು ಎರಡು ಪೊರೆಗಳೆಂದು ತಿಳಿದು ಚಿತ್ರದಲ್ಲಿ ಎರಡನೆಯದಕ್ಕಾಗಿ ಹುಡುಕುತ್ತಿದ್ದಳು.

ನಿಘಂಟನ್ನು ಪೂರ್ತಿ ಬಿಡಿಸಬೇಡಿ. ಸಂದರ್ಭ ಏನನ್ನೂ ಹೇಳದ ಜಾಗಗಳಿವೆ. ‘ವಾಟರ್ ಪೊಟೆನ್ಷಿಯಲ್’ ಎಂಬುದನ್ನು ಅದರ ವ್ಯಾಖ್ಯೆ ಬರುವ ಮೊದಲೇ ಬಳಸಿದ್ದರೆ ಯಾವ ಜಾಣ್ಮೆಯೂ ನಡೆಯದು, ಪುಸ್ತಕದ ಕೊನೆಯ ಪದಸೂಚಿ ನೋಡಿ ವ್ಯಾಖ್ಯೆಯಿರುವ ಪುಟಕ್ಕೆ ಹೋಗಬೇಕು. ಉಳಿದೆಡೆ ಊಹೆ ಮುಗಿದ ಮೇಲೆ ನಿಘಂಟು ತೆರೆದರೆ ಅದು ಕೊಡುವ ಐದಾರು ಅರ್ಥಗಳಲ್ಲಿ ಯಾವುದು ಬೇಕೆಂದು ಆರಿಸುವ ಶಕ್ತಿ ಅವಳಿಗಿರುತ್ತದೆ. ಮೊದಲೇ ತೆರೆದರೆ ಸಿಗುವುದು ಬಲೆ.

ಮೊದಲ ಎರಡು ವಾರ ದಿನಕ್ಕೆ ಅರ್ಧ ಪುಟ ಸಾಕು, ನೀವು ಪಕ್ಕದಲ್ಲಿ ಕೂತು ಅವಳಿಂದ ವಾಕ್ಯಗಳನ್ನು ಬಾಯಲ್ಲಿ ಕನ್ನಡಕ್ಕೆ ಹೇಳಿಸಿ. ನೋಟ್‌ಬುಕ್ಕಿನಲ್ಲಿ ಮಾತ್ರ ಬಿಡಿ ಪದ ಮತ್ತು ಕನ್ನಡ ಅರ್ಥದ ಪಟ್ಟಿ ಬೇಡ. ಪರೀಕ್ಷೆಯಲ್ಲಿ ಅವಳು ಇಂಗ್ಲಿಷಿನಲ್ಲಿ ಬರೆಯುವುದಾದರೆ, ಪದವಿರುವ ಇಡೀ ವಾಕ್ಯವನ್ನು ಪಾಠದಿಂದ ಇಂಗ್ಲಿಷಿನಲ್ಲಿ ಇಳಿಸಿಕೊಂಡು, ಅದರ ಕೆಳಗೆ ತನ್ನ ಕನ್ನಡ ವಾಕ್ಯವನ್ನು ಬರೆಯಲಿ.