499 ರೂಪಾಯಿಯ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ತಗೊಳ್ಳಬಹುದಾ?

"ಮಂಡ್ಯದಲ್ಲಿ ಬಿ.ಇ. ಓದ್ತಿದ್ದೀನಿ. ಒಂದು ವರ್ಚುವಲ್ ಇಂಟರ್ನ್‌ಶಿಪ್‌ಗೆ ಆಫರ್ ಲೆಟರ್ ಬಂದಿದೆ. ಸರ್ಟಿಫಿಕೇಟ್‌ಗೆ 499 ರೂಪಾಯಿ. ಎಂಎಸ್‌ಎಂಇ ನೋಂದಣಿ ಇದೆ, ಕ್ಯೂಆರ್ ಕೋಡ್ ಕೂಡ ಇದೆ. ನಂಬಬಹುದಾ?"

ನಾನು ಮೈಸೂರಿನಲ್ಲಿ ಓದುವಾಗ ನನಗೂ ಹೀಗೇ ಬಂದಿತ್ತು. ಗೂಗಲ್ ಫಾರ್ಮ್ ತುಂಬಿದ್ದಷ್ಟೇ, ಸಂದರ್ಶನವೂ ಇಲ್ಲದೆ ಸಂಜೆಯೊಳಗೆ ಆಫರ್ ಲೆಟರ್ ಬಂತು. ನಮ್ಮ ಪಿಜಿಯಲ್ಲಿ ಫಾರ್ಮ್ ತುಂಬಿದ ಎಲ್ಲರಿಗೂ ಬಂತು. ಅಲ್ಲೇ ಅನುಮಾನ ಬರಬೇಕಿತ್ತು ಅಲ್ವಾ? ಆದರೆ ನಾನು ಕ್ಯೂಆರ್ ಕೋಡ್ ನಂಬಿದೆ.

ಹಳೆಯ ಬ್ಯಾಚಿನ ಒಂದು ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿದರೆ ಹಸಿರು ಟಿಕ್ ಜೊತೆ ಹೆಸರು ಬಂತು. ಸರಿ, ಅಸಲಿ ಅಂದುಕೊಂಡೆ. ಆ ಪುಟ ಯಾರದ್ದು ಅಂತ ನೋಡಲಿಲ್ಲ. ಅದೇ ಕಂಪನಿಯ ವೆಬ್‌ಸೈಟ್! ಸರ್ಟಿಫಿಕೇಟ್ ಕೊಟ್ಟವರೇ 'ಹೌದು, ನಾವೇ ಕೊಟ್ಟಿದ್ದು' ಅನ್ನುತ್ತಾರೆ. ಕೆಲಸ ನಡೆದಿದೆಯೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಎಂಎಸ್‌ಎಂಇ ಕತೆಯೂ ಅಷ್ಟೇ. ಎಂಎಸ್‌ಎಂಇ ನೋಂದಣಿ ಅಂದರೆ ಉದ್ಯಮ್ ನೋಂದಣಿ. ಅದು ಉಚಿತ, ಸ್ವಯಂ ಘೋಷಣೆ ಮೇಲೆ ಸಿಗುತ್ತದೆ. ಹೀಗೊಂದು ಉದ್ಯಮ ನೋಂದಣಿಯಾಗಿದೆ ಅನ್ನುವುದಕ್ಕೆ ಮಾತ್ರ ಅದು ಸಾಕ್ಷಿ. ತರಬೇತಿ ಚೆನ್ನಾಗಿದೆ ಅಂತ ಸರ್ಕಾರ ಹೇಳಿದ ಹಾಗಲ್ಲ.

ಟಾಸ್ಕ್ ಬಂದವು. ಟೈಟಾನಿಕ್ ಹಡಗಿನಲ್ಲಿ ಯಾರು ಬದುಕಿದರು, ಐರಿಸ್ ಹೂವು ಯಾವ ಜಾತಿ, ಇಂಥವನ್ನು ಡೇಟಾ ನೋಡಿ ಊಹಿಸುವ ಕೋಡ್ ಬರೆಯಬೇಕಿತ್ತು. ನಾನು ನಿದ್ದೆಗೆಟ್ಟು ಮಾಡಿದೆ. ನನ್ನ ರೂಮ್‌ಮೇಟ್ ಗಿಟ್‌ಹಬ್‌ನಲ್ಲಿ ಖಾಲಿ ರೆಪೊ ತೆರೆದು, ಅದರ ಲಿಂಕ್ ಕಳಿಸಿದ. ಇಬ್ಬರಿಗೂ ಒಂದೇ ಸರ್ಟಿಫಿಕೇಟ್, ಒಂದೇ 'ಅತ್ಯುತ್ತಮ ಸಾಧನೆ'. ದುಡ್ಡು ಕಟ್ಟಿದ್ದು ಮಾತ್ರ ಯಾರೋ ಒಬ್ಬರ ವೈಯಕ್ತಿಕ ಯುಪಿಐಗೆ.

ಮುಂದೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿ ಸಂದರ್ಶನ. ಅಲ್ಲಿದ್ದ ಮೇಡಂ ಸರ್ಟಿಫಿಕೇಟ್ ಪಕ್ಕಕ್ಕಿಟ್ಟು ಕೇಳಿದರು: "ನಿಮ್ಮ ಕೋಡ್ ಯಾರು ನೋಡಿದ್ರು? ಏನು ಬದಲಾಯಿಸಿ ಅಂದ್ರು?" ಯಾರೂ ನೋಡಿರಲಿಲ್ಲ. ಏನು ಹೇಳಲಿ?

ಅದಕ್ಕೇ ಹೇಳ್ತೀನಿ, ನಂಬಬಹುದಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಮೋಸ ಅಲ್ಲದಿದ್ದರೂ ಅದು ಇಂಟರ್ನ್‌ಶಿಪ್ ಅಲ್ಲದೆ ಇರಬಹುದು. ಅವರಿಗೆ ಇವತ್ತೇ ಮೇಲ್ ಹಾಕಿ: ನನ್ನ ಕೆಲಸ ನೋಡುವವರ ಹೆಸರೇನು, ತಪ್ಪಿದ್ದರೆ ಬರೆದು ಕಳಿಸ್ತಾರಾ? ಉತ್ತರದಲ್ಲಿ ಹೆಸರಿಲ್ಲದೆ 'ನಮ್ಮ ಪರಿಣತರ ತಂಡ' ಅಂತ ಬಂದರೆ ಅಲ್ಲಿಗೇ ಬಿಡಿ. ಲಿಂಕ್ಡ್‌ಇನ್‌ನಲ್ಲಿ ಆ ಕಂಪನಿಯ ಜನರ ಪಟ್ಟಿ ತೆರೆಯಿರಿ. ಬರೀ ಇಂಟರ್ನ್‌ಗಳೇ ಇದ್ದು ಸಂಬಳಕ್ಕಿರುವ ಒಬ್ಬ ಎಂಜಿನಿಯರ್ರೂ ಕಾಣದಿದ್ದರೆ, ಅವರ ವ್ಯಾಪಾರ ಸರ್ಟಿಫಿಕೇಟೇ. ಟಾಸ್ಕ್‌ನ ಒಂದು ಸಾಲನ್ನು ಗಿಟ್‌ಹಬ್‌ನಲ್ಲಿ ಹುಡುಕಿ. ಅದೇ ಕಂಪನಿ ಹೆಸರಿನ ರೆಪೊಗಳು ರಾಶಿ ರಾಶಿ ಬಂದರೆ ಎಲ್ಲರಿಗೂ ಅದೇ ಕೆಲಸ ಕೊಟ್ಟಿದ್ದಾರೆ ಅಂತ ಅರ್ಥ.

ಕಾಲೇಜಿನ ಕ್ರೆಡಿಟ್‌ಗೆ ಬೇಕು ಅಂತಿದ್ದರೆ ಮೊದಲು ನಿಮ್ಮ ವಿಭಾಗದ ಇಂಟರ್ನ್‌ಶಿಪ್ ಸಂಯೋಜಕರನ್ನು ಕೇಳಿ, ಆಮೇಲೆ ದುಡ್ಡಿನ ಮಾತು. ಕಲಿಯೋಕೆ ಅಂತಾದರೆ ಟೈಟಾನಿಕ್ ಡೇಟಾ ಕ್ಯಾಗಲ್‌ನಲ್ಲಿ ಪುಕ್ಕಟೆ ಇದೆ. ಮಾಡಿ, ನಿಮ್ಮ ಮೇಷ್ಟ್ರಿಗೋ ಸೀನಿಯರ್‌ಗೋ ತೋರಿಸಿ, ಅವರು ಏನು ತಪ್ಪು ಹಿಡಿದರು ಅಂತ ಬರೆದಿಟ್ಟುಕೊಳ್ಳಿ.