ಮಗಳ ಹೆಸರಿನಲ್ಲಿ ಎಸ್‌ಐಪಿ: ಹದಿನೆಂಟು ತುಂಬಿದ ದಿನ ಆ ಹಣ ಯಾರದ್ದು?

ಪ್ರಶ್ನೆ: ನನ್ನ ಮಗಳಿಗೆ ಈಗ 4 ವರ್ಷ. ಅವಳ ಓದಿಗೆ ಅಂತ ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳಿಗೆ 5,000 ಹಾಕಬೇಕು ಅಂದುಕೊಂಡಿದ್ದೇವೆ. ಅವಳ ಹೆಸರಲ್ಲೇ ತೆರೆದರೆ ತೆರಿಗೆ ಉಳಿಯುತ್ತೆ ಅಂತಾರೆ, ನಿಜಾನಾ? ಅವಳಿಗೆ 18 ಆದಮೇಲೆ ನಾವೇ ತೆಗೆದು ಫೀಸು ಕಟ್ಟಬಹುದಾ?

ಎರಡಕ್ಕೂ ಇಲ್ಲ. ತೆರಿಗೆ ಉಳಿಯುವುದಿಲ್ಲ, 18 ಆದಮೇಲೆ ನೀವು ಒಂದು ರೂಪಾಯಿ ತೆಗೆಯಲೂ ಆಗುವುದಿಲ್ಲ. ಇದೇ ಎರಡು ನಂಬಿಕೆ ಇಟ್ಟುಕೊಂಡು ನಾನು ಹದಿಮೂರು ವರ್ಷ ಹಣ ಹಾಕಿದವನು.

ನನ್ನ ಮಗಳು ಹುಟ್ಟಿದ್ದು 2005ರ ಜುಲೈನಲ್ಲಿ. 2010ರ ಆಗಸ್ಟ್‌ನಲ್ಲಿ ಅವಳ ಹೆಸರಲ್ಲಿ ತಿಂಗಳಿಗೆ 1,000 ರೂಪಾಯಿಯ ಎಸ್‌ಐಪಿ ಶುರು ಮಾಡಿದೆ. ತೆರೆಯುವುದು ಕಷ್ಟವಾಗಲಿಲ್ಲ. ಅವಳ ಜನನ ಪ್ರಮಾಣಪತ್ರ, ನನ್ನ ಪ್ಯಾನ್, ನನ್ನ ಕೆವೈಸಿ, ಗಾರ್ಡಿಯನ್ ಅಂತ ನನ್ನ ಸಹಿ, ಅಷ್ಟೇ. ಸ್ಟೇಟ್‌ಮೆಂಟ್‌ನಲ್ಲಿ ಮೊದಲು ಅವಳ ಹೆಸರು, ಕೆಳಗೆ ಗಾರ್ಡಿಯನ್ ಜಾಗದಲ್ಲಿ ನನ್ನ ಹೆಸರು. ಆ ಕಾಗದ ನೋಡಿದಾಗಲೇ ನಾನು ಅರ್ಥ ಮಾಡಿಕೊಳ್ಳಬೇಕಿತ್ತು. ಫೋಲಿಯೊ ಅಂದರೆ ಫಂಡ್ ಕಂಪನಿಯಲ್ಲಿರುವ ನಮ್ಮ ಖಾತೆ. ಮೈನರ್ ಫೋಲಿಯೊದಲ್ಲಿ ಮಗು ಒಬ್ಬಳೇ ಹೂಡಿಕೆದಾರಳು. ಜೊತೆಗೆ ಜಾಯಿಂಟ್ ಹೆಸರು ಸೇರಿಸಲು ಬರುವುದಿಲ್ಲ, ನಾಮಿನಿ ಹಾಕಲೂ ಬರುವುದಿಲ್ಲ. ಗಾರ್ಡಿಯನ್ ಅಂದರೆ ಅವಳ ಪರವಾಗಿ ಸಹಿ ಹಾಕುವವನು ಮಾತ್ರ, ಹಣದ ಒಡೆಯನಲ್ಲ.

ಇಲ್ಲಿಯವರೆಗೆ ತಪ್ಪಿರಲಿಲ್ಲ. ತಿಂಗಳಿಗೆ ಸಾವಿರ ರೂಪಾಯಿ ಮಗಳಿಗೆ ಕೊಟ್ಟೆ, ಅದು ಅವಳದ್ದೇ ಆಗಲಿ ಅನ್ನೋ ಮನಸ್ಸೂ ನನಗಿತ್ತು. ತಪ್ಪಾಗಿದ್ದು 2016ರಲ್ಲಿ. ಭದ್ರಾವತಿಯಲ್ಲಿ ಅಪ್ಪನ ಕಾಲದ ಒಂದು ಸಣ್ಣ ಸೈಟು ಮಾರಿದೆವು. ನನ್ನ ಪಾಲಿಗೆ ಬಂದ ದುಡ್ಡಿನಲ್ಲಿ 4 ಲಕ್ಷ ಉಳಿದಿತ್ತು. ಅದು ಮನೆಯ ದುಡ್ಡು. ಮಗಳ ಓದಿಗೂ ಆಗಬೇಕು, ಆಗ ಆರು ವರ್ಷದವನಾಗಿದ್ದ ಮಗನ ಓದಿಗೂ ಆಗಬೇಕು, ನಡುವೆ ಯಾರಿಗಾದರೂ ಆಸ್ಪತ್ರೆ ಖರ್ಚು ಬಂದರೆ ಅದಕ್ಕೂ ಆಗಬೇಕು ಅಂತ ಇಟ್ಟುಕೊಂಡಿದ್ದು. ಎಲ್ಲಿ ಹಾಕೋಣ ಅಂತ ಯೋಚಿಸಿದಾಗ, ಮಗಳ ಫೋಲಿಯೊ ಹೇಗೂ ಇದೆ, ಹೊಸದಾಗಿ ಫಾರ್ಮ್ ತುಂಬುವ ತಾಪತ್ರಯ ಯಾಕೆ ಅಂತ ಪೂರ್ತಿ 4 ಲಕ್ಷವನ್ನೂ ಅದಕ್ಕೇ ಹಾಕಿದೆ. ನನ್ನ ಹೆಂಡತಿ ಒಮ್ಮೆ ಕೇಳಿದಳು, 'ಅವಳ ಹೆಸರಲ್ಲಿ ಯಾಕ್ರೀ, ಇವನಿಗೂ ಬೇಕಲ್ಲ?' ಅಂತ. 'ಹೆಸರು ಯಾರದಾದರೇನು, ಸಹಿ ನನ್ನದೇ ತಾನೆ' ಅಂದೆ.

ಆ ಒಂದು ಮಾತಿನಲ್ಲೇ ನನ್ನ ತಪ್ಪೆಲ್ಲ ಇದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮಗುವಿನ ಫೋಲಿಯೊಗೆ ನೀವು ಹಣ ಹಾಕಿದ ಕ್ಷಣವೇ ಅದು ದಾನವಾಗಿ ಹೋಯಿತು. ನಿಮ್ಮ ಮನಸ್ಸಿನಲ್ಲಿ ಏನಿತ್ತು, ಅದರಲ್ಲಿ ತಮ್ಮನ ಪಾಲೆಷ್ಟು ಅಂತ ಎಲ್ಲೂ ದಾಖಲಾಗುವುದಿಲ್ಲ. ಅವಳು ಮೈನರ್ ಇರುವಾಗ ನೀವು ಗಾರ್ಡಿಯನ್ ಆಗಿ ತೆಗೆಯಬಹುದು ನಿಜ, ಆದರೆ ಅದು ಅವಳ ಹಿತಕ್ಕೆ, ಅವಳ ಖರ್ಚಿಗೆ. ತೆಗೆದ ಹಣ ಬರುವುದೂ ಅವಳ ಹೆಸರಿನ ಅಥವಾ ಅವಳ ಜೊತೆಗಿನ ಜಾಯಿಂಟ್ ಬ್ಯಾಂಕ್ ಖಾತೆಗೇ. 2023ರ ಜೂನ್ 15ರಿಂದ ಸೆಬಿ ನಿಯಮ ಸ್ವಲ್ಪ ಸಡಿಲವಾಗಿದೆ, ಹಾಕುವಾಗ ತಂದೆ ತಾಯಿಯ ಖಾತೆಯಿಂದ ನೇರವಾಗಿ ಹಾಕಬಹುದು. ಹೊರಗೆ ಬರುವ ದಾರಿ ಮಾತ್ರ ಮಗುವಿನ ಖಾತೆಯೊಂದೇ. ಹಾಕುವುದು ಸುಲಭವಾಗಿರುವುದರಿಂದ ನನ್ನಂಥವರು ಈಗ ಇನ್ನೂ ಜಾಸ್ತಿ ಆಗಬಹುದು ಅಂತ ನನಗೆ ಭಯ.

2023ರ ಜುಲೈಗೆ ಅವಳಿಗೆ 18 ತುಂಬಿತು. ಆ ಹೊತ್ತಿಗೆ ಫೋಲಿಯೊದಲ್ಲಿ ಹನ್ನೆರಡೂವರೆ ಲಕ್ಷ ಇತ್ತು. ಅದರಲ್ಲಿ ಎಸ್‌ಐಪಿಯಿಂದ ಬಂದದ್ದು ಮೂರೂಮುಕ್ಕಾಲು ಲಕ್ಷದಷ್ಟು, ಉಳಿದದ್ದೆಲ್ಲ ಆ ಸೈಟಿನ ದುಡ್ಡು ಬೆಳೆದದ್ದು. ಅವಳಿಗೆ ಎಂಜಿನಿಯರಿಂಗ್ ಸೀಟಾಯಿತು, ಫೀಸು ಕಟ್ಟಲು ಕೆಲವೇ ದಿನ ಇತ್ತು. ನಾನು ಎಂದಿನಂತೆ ಗಾರ್ಡಿಯನ್ ಸಹಿ ಹಾಕಿ 2 ಲಕ್ಷ ತೆಗೆಯಲು ಅರ್ಜಿ ಕೊಟ್ಟೆ. ತಿರಸ್ಕಾರವಾಗಿ ಬಂತು. 18 ತುಂಬಿದ ದಿನದಿಂದ ಗಾರ್ಡಿಯನ್ ಸಹಿಗೆ ಬೆಲೆಯಿಲ್ಲ, ಫೋಲಿಯೊ ಸ್ತಬ್ಧ, ಎಸ್‌ಐಪಿಯೂ ನಿಂತಿದೆ. ಮೊದಲೇ ತಿಳಿಸುವ ಪತ್ರ ಫಂಡ್ ಕಂಪನಿಯಿಂದ ಬಂದೇ ಬರುತ್ತದೆ. ನಮ್ಮದು ಹಳೆಯ ಬಾಡಿಗೆ ಮನೆ ವಿಳಾಸಕ್ಕೆ ಹೋಗಿತ್ತು.

ಆಮೇಲೆ ಮಾಡಬೇಕಾದದ್ದು ಮೈನರ್‌ನಿಂದ ಮೇಜರ್‌ಗೆ ಬದಲಿಸುವ ಫಾರ್ಮ್ ಕೊಡುವುದು. ಅದಕ್ಕೆ ಅವಳದೇ ಪ್ಯಾನ್ ಬೇಕು, ಅವಳದೇ ಕೆವೈಸಿ ಬೇಕು, ಅವಳ ಬ್ಯಾಂಕ್ ಖಾತೆಯ ರದ್ದು ಮಾಡಿದ ಚೆಕ್ ಬೇಕು, ಅವಳ ಸಹಿಯನ್ನು ಬ್ಯಾಂಕ್ ಮ್ಯಾನೇಜರ್ ದೃಢೀಕರಿಸಿ ಕೊಡಬೇಕು. ಕೇಳಲು ಸಣ್ಣ ಪಟ್ಟಿ. ಆದರೆ ಬ್ಯಾಂಕ್ ಖಾತೆಯೂ ಮೈನರ್ ಖಾತೆಯೇ ಆಗಿತ್ತು, ಅದೂ ಅದೇ ದಿನ ನಿಂತಿತ್ತು. ಮೊದಲು ಅದನ್ನು ಅವಳ ಕೆವೈಸಿ ಕೊಟ್ಟು ಮೇಜರ್ ಖಾತೆ ಮಾಡಿಸಬೇಕು. ಅವಳಿಗೆ ಚಿಕ್ಕಂದಿನಲ್ಲೇ ಪ್ಯಾನ್ ಮಾಡಿಸಿದ್ದೆವು, ಆದರೆ ಮೈನರ್ ಪ್ಯಾನ್ ಕಾರ್ಡಿನಲ್ಲಿ ಫೋಟೊ, ಸಹಿ ಎರಡೂ ಇರುವುದಿಲ್ಲ. ಅದನ್ನು ತಿದ್ದಿಸಿ ಹೊಸ ಕಾರ್ಡ್ ತರಿಸಬೇಕು.

ಇದೆಲ್ಲದಕ್ಕಿಂತ ಹೆಚ್ಚು ದಿನ ತಿಂದದ್ದು ಹೆಸರು. ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರಿತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಪ್ಯಾನ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರು, ನನ್ನ ಹೆಸರು ಎಲ್ಲ ಸೇರಿ ಉದ್ದವಾಗಿತ್ತು. ಫೋಲಿಯೊ ಜನನ ಪ್ರಮಾಣಪತ್ರದ ಪ್ರಕಾರ ಇದ್ದದ್ದರಿಂದ ಮೂರೂ ಒಬ್ಬಳೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ನಮ್ಮ ಕಡೆ ಅರ್ಧಕ್ಕರ್ಧ ಮಕ್ಕಳ ಕಾಗದಪತ್ರ ಹೀಗೇ ಇರುತ್ತದೆ. ನಿಮ್ಮ ಮಗಳಿಗೆ ಇನ್ನೂ 4 ವರ್ಷ, ಶಾಲೆಗೆ ಸೇರಿಸುವಾಗಲೇ ಜನನ ಪ್ರಮಾಣಪತ್ರ, ಆಧಾರ್, ಶಾಲೆ ಮೂರರಲ್ಲೂ ಒಂದೇ ಅಕ್ಷರ ಇರುವಂತೆ ನೋಡಿಕೊಳ್ಳಿ.

ಒಟ್ಟು 38 ದಿನ ಹಿಡಿಯಿತು. ಫೀಸಿಗೆ ಹೆಂಡತಿಯ ಬಳೆ ಅಡವಿಟ್ಟು 2 ಲಕ್ಷ ಸಾಲ ತೆಗೆದೆ. ಬಡ್ಡಿ ಮೂರು ಸಾವಿರದ ಹತ್ತಿರ ಆಗಿರಬೇಕು. ನನಗೆ ಬಿದ್ದ ನಷ್ಟ ಆ ಮೂರು ಸಾವಿರ ಅಲ್ಲ.

ಫೋಲಿಯೊ ಅವಳ ಕೈಗೆ ಬಂದ ದಿನ ಮಗಳು ಮೊಬೈಲ್‌ನಲ್ಲಿ ಮೊತ್ತ ನೋಡಿ ಕೇಳಿದಳು, 'ಅಪ್ಪಾ, ಇದೆಲ್ಲ ನನ್ನದಾ?' ನಾನು 'ಹೌದು, ಆದರೆ...' ಅಂದು ಸೈಟಿನ ಕಥೆ ಹೇಳಿದೆ. ಅವಳು ಕೇಳಿಸಿಕೊಂಡಳು. ಬಳೆ ಬಿಡಿಸಲು ಬೇಕಾದ ಎರಡು ಲಕ್ಷ ಚಿಲ್ಲರೆ ಆ ವಾರವೇ ತೆಗೆದುಕೊಟ್ಟಳು. ಉಳಿದದ್ದನ್ನು ಮುಟ್ಟುವುದಿಲ್ಲ, ಮುಂದೆ ಹೊರಗೆ ಎಂ.ಎಸ್. ಮಾಡಬೇಕು, ಅದಕ್ಕೆ ಇಡುತ್ತೇನೆ ಅಂದಳು. ಅವಳದು ತಪ್ಪಲ್ಲ. ಕಾನೂನಿನ ಪ್ರಕಾರ ಅದು ಅವಳ ಹಣ, ಹದಿನೆಂಟು ವರ್ಷದವಳು ತನ್ನ ಓದಿನ ಬಗ್ಗೆ ಯೋಚಿಸಿದ್ದಕ್ಕೆ ನಾನು ಖುಷಿಪಡಬೇಕು, ಪಟ್ಟೂ ಇದ್ದೇನೆ. ಆದರೆ ಅದರೊಳಗೆ ಮಗನ ಪಾಲು ಇತ್ತು. ಅದನ್ನು ವಾಪಸ್ ಕೇಳುವ ಹಕ್ಕು ನನಗಿಲ್ಲ. ಅವಳಾಗೇ ತಮ್ಮನಿಗೆ ಕೊಟ್ಟರೆ ಕೊಡಬಹುದು, ಅಷ್ಟೇ. ಅಪ್ಪನಾಗಿ ಕೇಳಿದರೆ ಅವಳಿಗೆ ಇಲ್ಲ ಅನ್ನಲು ಕಷ್ಟವಾಗುತ್ತದೆ ಅಂತ ಗೊತ್ತಿದೆ, ಅದಕ್ಕೇ ಕೇಳಿಲ್ಲ. ಇಬ್ಬರು ಮಕ್ಕಳ ನಡುವೆ ಇಂಥದ್ದೊಂದು ಲೆಕ್ಕವನ್ನು ನನ್ನ ಕೈಯಾರೆ ತಂದಿಟ್ಟೆನಲ್ಲ ಅನ್ನುವುದೇ ನನ್ನ ಸಂಕಟ.

ಇನ್ನು ತೆರಿಗೆ. ಮೈನರ್ ಮಗುವಿನ ಹೂಡಿಕೆಯಿಂದ ಬಂದ ಲಾಭವನ್ನು ಅಪ್ಪ ಅಮ್ಮನಲ್ಲಿ ಯಾರ ಆದಾಯ ಹೆಚ್ಚೋ ಅವರ ಆದಾಯಕ್ಕೆ ಸೇರಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಒಂದು ಮಗುವಿಗೆ ವರ್ಷಕ್ಕೆ 1,500 ರೂಪಾಯಿ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಅದೂ ಇಲ್ಲ. 'ಉಳಿಯುತ್ತೆ' ಅಂತ ಹೇಳಿದವರು 18 ಆದಮೇಲಿನ ಮಾತು ಹೇಳಿರಬೇಕು. ಆಮೇಲೆ ತೆಗೆದರೆ ಲಾಭ ಮಗುವಿನದೇ ಲೆಕ್ಕಕ್ಕೆ ಹೋಗುತ್ತದೆ. ನನ್ನ ಮಗಳಿಗೆ ಆ ವರ್ಷ ಬೇರೆ ಆದಾಯ ಇರಲಿಲ್ಲ, ತೆಗೆದ ಎರಡು ಲಕ್ಷಕ್ಕೆ ತೆರಿಗೆ ಬೀಳಲಿಲ್ಲ. ಆದರೆ ಆ ಲಾಭ ಸಿಗುವುದು ಹಣ ಪೂರ್ತಿ ಅವಳದಾದ ಮೇಲೆ. ಅಷ್ಟಕ್ಕೋಸ್ಕರ ನಿಮ್ಮ ಕೈ ಕಟ್ಟಿಹಾಕಿಕೊಳ್ಳುವುದು ಬೇಡ.

ನನ್ನನ್ನು ಕೇಳಿದರೆ ಆ 5,000 ನಿಮ್ಮ ಹೆಸರಲ್ಲೇ ಇರಲಿ. ಬೇರೆ ಯಾವುದಕ್ಕೂ ಬೆರೆಸದೆ ಒಂದು ಪ್ರತ್ಯೇಕ ಫೋಲಿಯೊ ತೆರೆಯಿರಿ, ನಿಮ್ಮ ಯಜಮಾನರನ್ನು ಜಾಯಿಂಟ್ ಮಾಡಿ, ಮಗಳನ್ನು ನಾಮಿನಿ ಮಾಡಿ. ನಾಮಿನಿ ಮೈನರ್ ಆದ್ದರಿಂದ ಅವಳ ಗಾರ್ಡಿಯನ್ ಹೆಸರನ್ನೂ ಅಲ್ಲೇ ಬರೆಯಿರಿ. ಅವಳ ಫೀಸು ಕಟ್ಟಬೇಕಾದ ದಿನ ನಿಮ್ಮ ಖಾತೆಗೆ ಹಣ ಬರುತ್ತದೆ, ಮಗಳ ಸಹಿಗೆ ಕಾಯಬೇಕಿಲ್ಲ. ನಾನು ಮಗನಿಗೆ ಈಗ ಹೀಗೇ ಮಾಡಿದ್ದೇನೆ, ತಡವಾಗಿ, ದೊಡ್ಡ ಕಂತಿನಲ್ಲಿ.

ಅವಳಿಗೇ ಸೇರಬೇಕು, ಅವಳು ಏನು ಮಾಡಿದರೂ ಸರಿ ಅನ್ನುವಷ್ಟು ಹಣ ಇದ್ದರೆ ಅವಳ ಹೆಸರಲ್ಲಿ ಹಾಕಿ. ಅಜ್ಜಿ ಕೊಟ್ಟ ದುಡ್ಡು, ಹುಟ್ಟುಹಬ್ಬದ ಉಡುಗೊರೆ, ಅಂಥದ್ದು. ಸುಕನ್ಯಾ ಸಮೃದ್ಧಿಯೂ ಹೀಗೇ, ಅವಳದೇ ಹೆಸರು, 18 ಆದಮೇಲೆ ಅವಳೇ ನಡೆಸಬೇಕು, ಆದರೆ ಅದು ಖಾತೆ ತೆರೆದ ದಿನದಿಂದ 21 ವರ್ಷದ್ದು ಅಂತ ಗೊತ್ತಿದ್ದೇ ಹಾಕುತ್ತೀರಿ.

ಮಗುವಿನ ಫೋಲಿಯೊ ಈಗಾಗಲೇ ತೆರೆದಿರುವ ಬೇರೆ ಯಾರಾದರೂ ಇದನ್ನು ಓದುತ್ತಿದ್ದರೆ, ಮಗುವಿಗೆ ಹದಿನೇಳೂವರೆ ಆಗುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆವತ್ತು ಫೋಲಿಯೊದಲ್ಲಿರುವ ವಿಳಾಸ, ಮೊಬೈಲ್, ಇಮೇಲ್ ಸರಿಯಿದೆಯಾ ನೋಡಿ, ಪ್ಯಾನ್ ಮತ್ತು ಆಧಾರ್‌ನಲ್ಲಿ ಹೆಸರು ತಾಳೆಯಾಗುತ್ತಾ ನೋಡಿ. ಹದಿನೆಂಟರ ಆಸುಪಾಸಿಗೇ ಫೀಸು ಬರುವುದಿದ್ದರೆ ಅಷ್ಟು ಮೊತ್ತವನ್ನು ನಿಮ್ಮ ಸಹಿಗೆ ಬೆಲೆಯಿರುವಾಗಲೇ ತೆಗೆದು, ಬ್ಯಾಂಕ್ ಖಾತೆ ನಿಲ್ಲುವ ಮೊದಲೇ ಕಾಲೇಜಿಗೆ ಕಟ್ಟಲು ಎತ್ತಿಡಿ. ಲಾಭ ನಿಮ್ಮ ಆದಾಯಕ್ಕೆ ಸೇರುತ್ತದೆ, ಪರವಾಗಿಲ್ಲ. ಬಳೆ ಬಿಡಿಸಿ ತಂದ ದಿನ ನನ್ನ ಹೆಂಡತಿ ಏನೂ ಅನ್ನಲಿಲ್ಲ. 2016ರಲ್ಲಿ ಕೇಳಿದ್ದು ಅವಳಿಗೂ ನೆನಪಿತ್ತು, ನನಗೂ ನೆನಪಿತ್ತು.