‘ಅಯ್ಯೋ ಪಾಪ’ ಅನ್ನಿಸಿಕೊಳ್ಳದೆ ಬರೆಯುವುದು ಹೇಗೆ?

*ಡೊಂಬಿವಲಿಯಲ್ಲಿದ್ದೇವೆ. ಮದುವೆಯಾಗಿ ಒಂಬತ್ತು ವರ್ಷ. ಎರಡು ಸಲ ಐವಿಎಫ್ ಮಾಡಿಸಿದೆವು, ಮಗು ಆಗಲಿಲ್ಲ. ಉಳಿದ ಎರಡು ಭ್ರೂಣಗಳನ್ನು ಫ್ರೀಜ್ ಮಾಡಿಸಿ ಇಟ್ಟಿದ್ದೇವೆ. ಇದನ್ನು ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಬರೆಯಬೇಕು ಅಂತಿದ್ದೇನೆ. ಸಂಘದಲ್ಲಿ ಇನ್ನೂ ಕೆಲವರು ಇದೇ ದಾರಿಯಲ್ಲಿದ್ದಾರೆ, ಯಾರೂ ಬಾಯಿ ಬಿಡುವುದಿಲ್ಲ. ಆದರೆ ನಾನು ಬರೆದದ್ದೆಲ್ಲ ಅಳುವ ಹಾಗೆ ಬರುತ್ತಿದೆ. ನನಗೆ ಯಾರ ಕನಿಕರವೂ ಬೇಡ. ಯಜಮಾನರ ರಿಪೋರ್ಟ್‌ನಲ್ಲೂ ತೊಂದರೆ ಇದೆ. ‘ಬರಿ, ನನಗೇನಿಲ್ಲ’ ಅನ್ನುತ್ತಾರೆ. ಮುಖ ನೋಡಿದರೆ ಹಾಗನ್ನಿಸುವುದಿಲ್ಲ. ಅತ್ತೆಯೂ ಆ ಸಂಚಿಕೆ ಓದುತ್ತಾರೆ. ಬರೆಯಲೋ ಬೇಡವೋ? ಕರಡು ಜೊತೆಗಿಟ್ಟಿದ್ದೇನೆ.*

*— ಓದುಗರು, ಡೊಂಬಿವಲಿ*

ಬರೆಯಿರಿ. ಆದರೆ ಈ ಕರಡನ್ನು ಹೀಗೇ ಕಳಿಸಬೇಡಿ. ಕರಡಿನ ಹಿಂದೆ ನೀವೊಂದು ಚೀಟಿ ಸೇರಿಸಿದ್ದೀರಿ. ಅದರಲ್ಲಿ ಸುಮ್ನೆ ಹೇಳಿಹೋದ ಸಂಗತಿಗಳು ಕರಡಿಗಿಂತ ಎಷ್ಟೋ ಗಟ್ಟಿಯಾಗಿವೆ. ನಿಮ್ಮ ಲೇಖನ ಇರುವುದು ಆ ಚೀಟಿಯಲ್ಲಿ.

ಕರಡಿನ ಈ ಸಾಲುಗಳನ್ನು ನೋಡಿ: ‘ಆ ಎರಡು ವಾರ ನನ್ನ ಬದುಕಿನ ಕರಾಳ ದಿನಗಳು. ಕೊನೆಗೆ ಫೋನ್ ಬಂದಾಗ ನನ್ನ ಪ್ರಪಂಚವೇ ಕುಸಿದು ಬಿತ್ತು. ದೇವರೇ, ನಾನು ಯಾರಿಗೆ ಏನು ಅನ್ಯಾಯ ಮಾಡಿದ್ದೆ?’ ಇದರಲ್ಲಿ ಸುಳ್ಳು ಏನೂ ಇಲ್ಲ, ನಿಮಗೆ ಹಾಗೇ ಆಗಿರುತ್ತದೆ. ಆದರೆ ಓದುವವರಿಗೆ ಇಲ್ಲಿ ಮಾಡಲು ಒಂದೇ ಕೆಲಸ ಉಳಿದಿದೆ, ಕನಿಕರಪಡುವುದು. ಯಾಕೆಂದರೆ ಏನಾಯಿತು ಅಂತ ಅವರಿಗೆ ಗೊತ್ತೇ ಆಗಿಲ್ಲ. ಎಷ್ಟು ನೋವಾಯಿತು ಅನ್ನುವುದಷ್ಟೇ ಗೊತ್ತಾಗಿದೆ. ಕೊನೆಯ ಪ್ರಶ್ನೆ ದೇವರಿಗೆ ಕೇಳಿದ ಹಾಗಿದ್ದರೂ, ಅದಕ್ಕೆ ‘ಇಲ್ಲಮ್ಮ, ನಿನ್ನದೇನೂ ತಪ್ಪಿಲ್ಲ’ ಅಂತ ಉತ್ತರ ಹೇಳಬೇಕಾದವರು ಓದುಗರೇ.

ಈಗ ನಿಮ್ಮ ಚೀಟಿಯಲ್ಲಿದ್ದುದನ್ನು ಒಂದರ ಹಿಂದೆ ಒಂದು ಇಡುತ್ತೇನೆ. ಹೆಚ್ಚುಕಡಿಮೆ ಎಲ್ಲವೂ ನಿಮ್ಮದೇ ಮಾತು.

‘ರಕ್ತ ಕೊಟ್ಟು ಆಫೀಸಿಗೆ ಹೋಗಿದ್ದೆ. ಬೀಟಾ ಎಚ್‌ಸಿಜಿ ಅನ್ನುವ ಟೆಸ್ಟ್. 5ಕ್ಕಿಂತ ಕಡಿಮೆ ಬಂದರೆ ಗರ್ಭ ನಿಂತಿಲ್ಲ ಅಂತ ಲೆಕ್ಕ. ಸಂಜೆ ಲೋಕಲ್‌ನಲ್ಲಿ ಮುಲುಂಡ್ ದಾಟಿದ ಮೇಲೆ ಫೋನ್ ಬಂತು. ಹೆಂಗಸರ ಡಬ್ಬಿಯ ಗಲಾಟೆಯಲ್ಲಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಅಂದೆ. 1.2 ಅಂದರು ಸಿಸ್ಟರ್. ಥ್ಯಾಂಕ್ಸ್ ಹೇಳಿದೆ. ಡೊಂಬಿವಲಿಯಲ್ಲಿ ಇಳಿದು ಕೊತ್ತಂಬರಿ ಸೊಪ್ಪು ತಗೊಂಡೆ. ಮನೆಯಲ್ಲಿ ಆಗಲೇ ಒಂದು ಕಟ್ಟು ಇತ್ತು.’

ಇಲ್ಲಿ ದುಃಖ ಅನ್ನುವ ಮಾತೇ ಇಲ್ಲ. ಕೆಲಸ ಮಾಡುವುದು 1.2 ಅನ್ನುವ ಅಂಕಿ. ಅದು ಕೆಲಸ ಮಾಡಬೇಕಾದರೆ 5ರ ಲೆಕ್ಕವನ್ನು ಮೊದಲೇ ಹೇಳಿರಬೇಕು. ನೀವು ಕರಡಿನಲ್ಲಿ ಮೊದಲು ಫೋನ್ ಬರಿಸಿ, ಅತ್ತು, ಆಮೇಲೆ ಅಂಕಿಯ ಅರ್ಥ ಬಿಡಿಸಿದ್ದೀರಿ. ಅಷ್ಟರಲ್ಲಿ ಓದುಗ ನಿಮ್ಮಿಂದ ದೂರ ನಿಂತು ನೋಡುತ್ತಿರುತ್ತಾನೆ. ಅಳತೆ ಮೊದಲು ಕೊಟ್ಟರೆ, ಸಿಸ್ಟರ್ ಬಾಯಿಂದ ಅಂಕಿ ಬಂದ ಕೂಡಲೇ ನಿಮಗೆ ಗೊತ್ತಾದಂತೆ ಅವನಿಗೂ ಗೊತ್ತಾಗುತ್ತದೆ. ನೀವು ವಿವರಿಸಬೇಕಾಗಿಲ್ಲ. ಕೊತ್ತಂಬರಿಯ ಸಾಲಿನ ಮುಂದೆ ‘ನನಗೆ ಏನು ಮಾಡುತ್ತಿದ್ದೇನೆ ಅಂತಲೇ ತಿಳಿಯಲಿಲ್ಲ’ ಅಂತ ಸೇರಿಸಲು ಕೈ ತುರಿಸುತ್ತದೆ. ಸೇರಿಸಬೇಡಿ.

ಟ್ರಿಗರ್ ಇಂಜೆಕ್ಷನ್ ವಿಷಯಕ್ಕೂ ಹೀಗೇ ಮಾಡಿ. ‘ನಾದಿನಿಯ ಸೀಮಂತದ ರಾತ್ರಿ ಅವಮಾನ ನುಂಗಿಕೊಂಡು ಬಾತ್‌ರೂಮಿನಲ್ಲಿ ಚುಚ್ಚಿಕೊಂಡೆ’ ಅಂತ ಒಂದೇ ಉಸಿರಲ್ಲಿ ಮುಗಿಸಿದ್ದೀರಿ. ಯಾಕೆ ಆ ರಾತ್ರಿಯೇ ಚುಚ್ಚಿಕೊಳ್ಳಬೇಕಿತ್ತು ಅಂತ ಹೇಳಿ. ಹತ್ತು ಹನ್ನೆರಡು ದಿನದ ಚುಚ್ಚುಮದ್ದಿನಿಂದ ಅಂಡಾಣುಗಳು ಬೆಳೆದಿರುತ್ತವೆ. ಅವನ್ನು ಕೊನೆಯದಾಗಿ ಬಲಿಸುವ ಟ್ರಿಗರ್ ಕೊಟ್ಟು 34ರಿಂದ 36 ಗಂಟೆಯ ಒಳಗೆ ಹೊರತೆಗೆಯಬೇಕು. ಬೇಗ ತೆಗೆದರೆ ಸರಿಯಾಗಿ ಬಲಿತಿರುವುದಿಲ್ಲ. ತಡವಾದರೆ ತಾವಾಗಿಯೇ ಬಿಡುಗಡೆಯಾಗಿ ಕೈಗೆ ಸಿಗದೆ ಹೋಗಬಹುದು. ಬೆಳಿಗ್ಗೆ ಒಂಬತ್ತೂವರೆಗೆ ಆಪರೇಷನ್ ಥಿಯೇಟರಿಗೆ ಬರಲು ಹೇಳಿದ್ದಾರೆ ಅಂದರೆ ಹಿಂದಿನ ದಿನದ ಹಿಂದಿನ ರಾತ್ರಿ ಹತ್ತೂವರೆಗೆ ಚುಚ್ಚಬೇಕು, ಹನ್ನೆರಡೂವರೆಗಲ್ಲ. ಇದಿಷ್ಟು ಹೇಳಿದರೆ ಸಾಕು. ಹಾಡು ಹೇಳುತ್ತಿರುವ ಹೆಂಗಸರ ಮಧ್ಯೆ ನೀವು ಗಡಿಯಾರ ನೋಡಿ ಎದ್ದುಹೋದದ್ದು ತಾನಾಗಿ ಓದುಗನ ಎದೆ ಬಡಿತ ಹೆಚ್ಚಿಸುತ್ತದೆ. ಅವಮಾನ ಅನ್ನುವ ಶಬ್ದ ಬೇಕಾಗುವುದಿಲ್ಲ. ನನಗೆ ಕೇಳಿದರೆ ಲೇಖನ ಶುರುವಾಗಬೇಕಾದದ್ದೇ ಇಲ್ಲಿಂದ.

ಒಂದು ಕಡೆ ಮಾತ್ರ ನಿಮ್ಮ ಕರಡು ಓದುಗರ ದಾರಿ ತಪ್ಪಿಸುತ್ತಿದೆ, ಅದನ್ನು ತಿದ್ದಲೇಬೇಕು. ಮೊದಲ ಸಲ ‘ಮನೆಯಲ್ಲಿ ಟೆಸ್ಟ್ ಮಾಡಿದಾಗ ಎರಡು ಗೆರೆ ಬಂದಿತ್ತು, ಆಮೇಲೆ ನನ್ನ ಕಂದ ಹೊರಟುಹೋಯಿತು’ ಅಂತ ಬರೆದಿದ್ದೀರಿ. ಚೀಟಿಯಲ್ಲಿ ನೋಡಿದರೆ ಐದು ದಿನದ ಭ್ರೂಣವನ್ನು ಒಳಗಿಟ್ಟ ಮೂರನೇ ದಿನಕ್ಕೇ ಆ ಟೆಸ್ಟ್ ಮಾಡಿದ್ದೀರಿ. ಅಂದರೆ ಟ್ರಿಗರ್ ತಗೊಂಡು ಇನ್ನೂ ಹತ್ತು ದಿನ. ಎಷ್ಟೋ ಟ್ರಿಗರ್‌ಗಳಲ್ಲಿ ಇರುವುದೇ ಗರ್ಭ ನಿಂತಾಗ ಮೈಯಲ್ಲಿ ಏರುವ ಎಚ್‌ಸಿಜಿ ಅನ್ನುವ ಹಾರ್ಮೋನ್, ಮನೆಯ ಟೆಸ್ಟ್ ಪಟ್ಟಿ ಹುಡುಕುವುದೂ ಅದನ್ನೇ. ಅದು ಮೈಯಿಂದ ಪೂರ್ತಿ ಹೋಗಲು ಹತ್ತು ದಿನ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಹಾಗಾಗಿ ಆ ಎರಡನೇ ಗೆರೆ ಇಂಜೆಕ್ಷನ್ನಿನದೇ ಆಗಿರಬಹುದು. ಎಲ್ಲ ಟ್ರಿಗರ್‌ಗಳೂ ಹೀಗಲ್ಲ. ನಿಮ್ಮ ಫೈಲಿನಲ್ಲಿ ಔಷಧದ ಹೆಸರು ನೋಡಿ ಡಾಕ್ಟರನ್ನು ಕೇಳಿಕೊಳ್ಳಿ. ಮೊದಲ ಸಲದ ರಕ್ತ ಪರೀಕ್ಷೆಯ ಅಂಕಿ ಏನಿತ್ತು ಅಂತಲೂ ನೋಡಿ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನಿಮ್ಮ ನೋವನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಆ ಗೆರೆ ನೋಡಿ ನೀವು ಯಜಮಾನರನ್ನು ಎಬ್ಬಿಸಿದ್ದು ನಿಜ, ಅದು ಲೇಖನದಲ್ಲಿ ಇರಲಿ. ಆದರೆ ಈಗ ಚಿಕಿತ್ಸೆಯಲ್ಲಿರುವ ಸಂಘದ ಇನ್ನೊಬ್ಬಳು ಇದನ್ನು ಓದಿ, ತಾನೂ ಮೂರನೇ ದಿನ ಪಟ್ಟಿ ಹಿಡಿದು ಕೂರಬಾರದಲ್ವಾ? ಇಂಥದ್ದನ್ನು ಅವಳಿಗೆ ಹೇಳುವವರು ಯಾರೂ ಇಲ್ಲ ಅಂತ ತಾನೇ ನೀವು ಬರೆಯಲು ಹೊರಟದ್ದು.

ಇನ್ನು ಯಜಮಾನರ ವಿಷಯ. ಇದು ಬರವಣಿಗೆಗಿಂತ ದೊಡ್ಡದು.

ಅವರ ರಿಪೋರ್ಟ್ ಅವರದು. ಅದರ ಅಂಕಿಗಳನ್ನು ಬರೆಯಬೇಡಿ, ಅವರು ಒಪ್ಪಿದರೂ ಬೇಡ. ಸಂಘದಲ್ಲಿ ಅವರು ಖಜಾಂಚಿ ಅಂತೀರಿ. ನೀವು ಕಾವ್ಯನಾಮ ಹಾಕಿಕೊಂಡರೂ ಡೊಂಬಿವಲಿಯ ಕನ್ನಡದವರಿಗೆ ಅದು ಯಾರು ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ‘ಇಕ್ಸಿ ಮಾಡಿಸಿದೆವು’ ಅಂತ ಬರೆದಿದ್ದೀರಲ್ಲ, ಅದನ್ನೂ ತೆಗೆಯಿರಿ. ಒಂದೊಂದು ಅಂಡಾಣುವಿಗೆ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಸೇರಿಸುವ ವಿಧಾನ ಅದು. ಈಗೀಗ ಬೇರೆ ಕಾರಣಗಳಿಗೂ ಮಾಡುತ್ತಾರೆ. ಆದರೂ ವಿಷಯ ಬಲ್ಲವರು ಅದನ್ನು ಓದಿದ ತಕ್ಷಣ ಗಂಡನ ಕಡೆಗೇ ನೋಡುತ್ತಾರೆ.

ಆದರೆ ಸುಮ್ಮನೆ ಬಿಟ್ಟುಬಿಟ್ಟರೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಯಾರ ತೊಂದರೆ ಅಂತ ಹೇಳದ ಕಡೆಯೆಲ್ಲ ಜನ ಹೆಂಗಸಿನದು ಅಂತಲೇ ಓದುತ್ತಾರೆ. ಅದನ್ನು ನೀವು ತಲೆಯ ಮೇಲೆ ಹೊರಬೇಕಾಗಿಲ್ಲ. ಒಂದು ಸಾಲು ನೇರವಾಗಿ ಹಾಕಿ: ‘ತೊಂದರೆ ಯಾರದು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಟೆಸ್ಟ್‌ಗಳನ್ನು ಇಬ್ಬರೂ ಮಾಡಿಸಿಕೊಂಡಿದ್ದೇವೆ.’ ಎರಡನೇ ವಾಕ್ಯ ಮುಖ್ಯ. ಹೆಂಡತಿಯನ್ನು ಎಲ್ಲ ಸ್ಕ್ಯಾನ್‌ಗಳಿಗೂ ಕಳಿಸಿ ತಾವು ಒಂದು ಸರಳ ವೀರ್ಯ ಪರೀಕ್ಷೆಯನ್ನೂ ಮಾಡಿಸದೆ ವರ್ಷಗಟ್ಟಲೆ ತಳ್ಳುವ ಗಂಡಸರಿದ್ದಾರೆ. ನಿಮ್ಮವರು ಹಾಗೆ ಮಾಡಲಿಲ್ಲ. ಅವರನ್ನು ಹೊಗಳದೆಯೇ ಅದು ಗೊತ್ತಾಗುತ್ತದೆ.

ಬರೆದಾದ ಮೇಲೆ ‘ಪರವಾಗಿಲ್ವಾ?’ ಅಂತ ಕೇಳಬೇಡಿ. ಆ ಪ್ರಶ್ನೆಗೆ ಅವರು ‘ಪರವಾಗಿಲ್ಲ’ ಅಂತಲೇ ಹೇಳುತ್ತಾರೆ. ಪ್ರಿಂಟ್ ತೆಗೆದು, ಜೊತೆಗೊಂದು ಪೆನ್ಸಿಲ್ ಕೊಟ್ಟು, ಬೇಡವೆನಿಸಿದ್ದನ್ನು ಹೊಡೆದುಹಾಕಿ ಅನ್ನಿ. ಕಾರಣ ಕೇಳುವುದಿಲ್ಲ ಅಂತಲೂ ಹೇಳಿ, ನಿಜವಾಗಿಯೂ ಕೇಳಬೇಡಿ. ಕೆಲವು ದಿನ ಬಿಡಿ. ಅರ್ಧ ಲೇಖನವೇ ಹೊಡೆದುಹೋದರೆ ಈ ವರ್ಷದ ಸಂಚಿಕೆಗೆ ಕಳಿಸಬೇಡಿ. ಅದು ಸೋಲಲ್ಲ, ಸಂಚಿಕೆ ಮುಂದಿನ ವರ್ಷವೂ ಬರುತ್ತದೆ.

ಅತ್ತೆಯ ಬಗ್ಗೆ ನನಗೆ ಸ್ವಲ್ಪ ಬೇಜಾರಾಯಿತು. ಕರಡಿನಲ್ಲಿ ಅವರು ಒಂದೇ ಮಾತು ಆಡುತ್ತಾರೆ: ‘ನನ್ನ ಕಣ್ಣು ಮುಚ್ಚುವುದರೊಳಗೆ ಒಂದು ಮಗು ನೋಡ್ತೀನೋ ಇಲ್ವೋ.’ ಆದರೆ ಚೀಟಿಯಲ್ಲಿರುವ ಅತ್ತೆ ಬೇರೆ. ಕೆಲವು ಇಂಜೆಕ್ಷನ್‌ಗಳನ್ನು 2ರಿಂದ 8 ಡಿಗ್ರಿಯ ಒಳಗೆ ಇಡಬೇಕಲ್ಲ, ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಡಬ್ಬಿಯ ಹಿಂದೆ ಅವಕ್ಕೆ ಜಾಗ ಮಾಡಿಕೊಟ್ಟವರು ಅವರು. ಪಕ್ಕದ ಮನೆಯಾಕೆ ನೋಡಿ ಏನದು ಅಂದಾಗ ‘ನನ್ನ ಶುಗರ್‌ದು’ ಅಂದವರು. ಎರಡನ್ನೂ ಹಾಕಿ. ಮೊದಲ ಮಾತು ಒಂದೇ ಇದ್ದರೆ ಓದುಗರು ಅತ್ತೆಯನ್ನು ಬೈದು ನಿಮ್ಮ ಮೇಲೆ ಕನಿಕರ ತೋರಿಸುತ್ತಾರೆ. ಎರಡೂ ಇದ್ದರೆ ಆ ಮನೆ ಅವರ ಕಣ್ಣಿಗೆ ಕಾಣುತ್ತದೆ. ಪ್ರಿಂಟ್‌ಗೆ ಹೋಗುವ ಮೊದಲೇ ಅವರಿಗೆ ಓದಿ ಹೇಳಿ. ಸಂಘದ ಸಭೆಯಲ್ಲಿ ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು.

ಕೊನೆಯ ಪ್ಯಾರಾ, ‘ಹೆತ್ತರಷ್ಟೇ ತಾಯಿಯೇ?’ ಅಂತ ಶುರುವಾಗುವುದು, ಪೂರ್ತಿ ತೆಗೆಯಿರಿ. ಅದು ನೀವು ನಂಬಿದ ಮಾತಿನ ಹಾಗೆ ಕೇಳಿಸುವುದಿಲ್ಲ, ಓದುವವರಿಗೆ ಮುಜುಗರ ಆಗದಿರಲಿ ಅಂತ ಹೇಳಿದ ಹಾಗಿದೆ. ನಿಮ್ಮ ವಿಷಯ ಇನ್ನೂ ಮುಗಿದಿಲ್ಲ, ಮುಗಿದ ಹಾಗೆ ಬರೆಯಬೇಡಿ. ಎರಡು ಭ್ರೂಣಗಳು ಇವೆ. ಅವನ್ನು ಇಡಲು ವರ್ಷಕ್ಕೊಮ್ಮೆ ದುಡ್ಡು ಕಟ್ಟುತ್ತಿದ್ದೀರಿ. ಐವಿಎಫ್‌ನಂಥ ಚಿಕಿತ್ಸೆಗಳಿಗಾಗಿ ಬಂದ 2021ರ ಎಆರ್‌ಟಿ ಕಾಯ್ದೆಯ ಪ್ರಕಾರ ಹತ್ತು ವರ್ಷಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಚಿಕಿತ್ಸೆಗೆ ಹೆಂಗಸಿಗೆ 50, ಗಂಡಸಿಗೆ 55 ವಯಸ್ಸಿನ ಮಿತಿಯೂ ಅದೇ ಕಾಯ್ದೆಯಲ್ಲಿದೆ. ಈ ವರ್ಷದ ದುಡ್ಡು ಕಟ್ಟಿದಿರಾ, ಕಟ್ಟುವಾಗ ಇಬ್ಬರೂ ಏನು ಮಾತಾಡಿಕೊಂಡಿರಿ, ಅಥವಾ ಮಾತೇ ಆಡಲಿಲ್ಲವಾ? ಅಲ್ಲಿಗೆ ನಿಲ್ಲಿಸಿ.

ಸಂಪಾದಕರಿಗೆ ಕಳಿಸುವಾಗ ಎರಡು ಮಾತು ಬರೆದೇ ಕೊಡಿ. ಶೀರ್ಷಿಕೆ ನಿಮ್ಮನ್ನು ಕೇಳದೆ ಬದಲಾಯಿಸಬಾರದು, ಇಲ್ಲದಿದ್ದರೆ ‘ನೊಂದ ಒಡಲಿನ ಕಥೆ’ ಅಂತ ಯಾರಾದರೂ ಹಾಕಿಬಿಡುತ್ತಾರೆ. ಪಕ್ಕದಲ್ಲಿ ಖಾಲಿ ತೊಟ್ಟಿಲಿನ ಚಿತ್ರ ಬೇಡ ಅಂತಲೂ ಹೇಳಿ. ಪುಟ ಜೋಡಿಸಿದ ಮೇಲೆ ಒಮ್ಮೆ ತೋರಿಸಿ ಅಂತ ಕೇಳಿ, ಅದು ನಿಮ್ಮ ಹಕ್ಕು.